ಟಿಕೆಟ್ ಜೊತೆ ಬಂದ ಗ್ರಾಹಕರ ಮಾಹಿತಿ: ಒಂದು ಹಾರ್ ಫೈಲನ್ನು ಪೂರ್ತಿ ಅಳಿಸಿದ ಬಗೆ

ಗ್ರಾಹಕರೊಬ್ಬರ ಖಾತೆಯಲ್ಲಿ ಬಿಲ್ ಪುಟ ತೆರೆಯುತ್ತಿರಲಿಲ್ಲ. ಚಕ್ರ ಸುತ್ತುತ್ತಲೇ ಇರುತ್ತಿತ್ತು. ಸಪೋರ್ಟ್ ತಂಡದವರು ಬ್ರೌಸರಿನ ನೆಟ್‌ವರ್ಕ್ ದಾಖಲೆ ಕಳಿಸಿ ಎಂದು ಕೇಳಿದರು. ಬಂದ `.har` ಫೈಲನ್ನು ಇದ್ದ ಹಾಗೇ ಎತ್ತಿ ಡೆವಲಪರ್‌ಗಳ ಟಿಕೆಟ್‌ಗೆ ಲಗತ್ತಿಸಿದರು. ಎರಡು ದಿನ ಬಿಟ್ಟು ಅದನ್ನು ಎಡಿಟರಿನಲ್ಲಿ ತೆರೆದ ಡೆವಲಪರ್‌ಗೆ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ನಂಬರ್, ಹಳೆಯ ಬಿಲ್‌ಗಳು ಎಲ್ಲವೂ ಕಣ್ಣಿಗೆ ಬಿದ್ದವು. ಅಲ್ಲಿಂದ ಮುಂದೆ ಆ ಒಂದು ಫೈಲನ್ನು ಎಲ್ಲ ಕಡೆಯಿಂದಲೂ ತೆಗೆಯಲು ಮಾಡಿದ ಕೆಲಸದ ವಿವರ ಇದು. ಟಿಕೆಟ್ ತೆರೆದು ಡಿಲೀಟ್ ಒತ್ತುವುದಕ್ಕೆ ಒಂದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಹೋಗಿದ್ದು ಅದರ ನಕಲುಗಳು ಇನ್ನೆಲ್ಲಿವೆ ಎಂದು ಹುಡುಕುವುದಕ್ಕೆ.

ಹಾರ್ ಫೈಲ್ ಎಂದರೆ ಬ್ರೌಸರ್ ಮತ್ತು ಸರ್ವರ್ ನಡುವೆ ನಡೆದ ಮಾತುಕತೆಯ ಪೂರ್ತಿ ದಾಖಲೆ, ಜೇಸನ್ ರೂಪದಲ್ಲಿ. ಪುಟ ಒಮ್ಮೆ ತೆರೆದರೆ ನೂರಾರು ಕೋರಿಕೆಗಳು ಹೋಗಿಬರುತ್ತವೆ. ಪ್ರತಿಯೊಂದಕ್ಕೂ `log.entries` ಒಳಗೆ ಒಂದು ನಮೂದು ಇರುತ್ತದೆ. ಆ ನಮೂದಿನಲ್ಲಿ ವೈಯಕ್ತಿಕ ಮಾಹಿತಿ ಕೂರುವ ಜಾಗಗಳು ಬೇರೆ ಬೇರೆ. ಕೋರಿಕೆಯ ವಿಳಾಸದಲ್ಲಿ ಇಮೇಲ್ ಇರಬಹುದು. ಅದೇ ವಿಳಾಸ ಮುಂದಿನ ಕೋರಿಕೆಯ `Referer` ಹೆಡರ್‌ನಲ್ಲಿ ಮತ್ತೆ ಬರಬಹುದು. ಫಾರ್ಮ್ ತುಂಬಿ ಕಳಿಸಿದ್ದೆಲ್ಲ `postData` ಒಳಗಿರುತ್ತದೆ. ಲಾಗಿನ್ ಪುಟದಿಂದಲೇ ದಾಖಲಿಸಲು ಶುರುಮಾಡಿದ್ದರೆ ಪಾಸ್‌ವರ್ಡ್ ಕೂಡ ಅಲ್ಲೇ, ಓದಲು ಬರುವ ಹಾಗೆಯೇ ಇರುತ್ತದೆ. ಸರ್ವರ್ ಕೊಟ್ಟ ಉತ್ತರ `response.content.text` ಒಳಗೆ. ಖಾತೆಯ ವಿವರ ಪೂರ್ತಿ ಸಿಗುವುದು ಇಲ್ಲೇ. ಕೆಲವು ಉತ್ತರಗಳು ಬೇಸ್64 ರೂಪದಲ್ಲಿ ಇರುತ್ತವಾದ್ದರಿಂದ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಒಳಗೆ ಇಲ್ಲ ಎಂದಾಗುವುದಿಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆ ಹರಡಿದೆ. ಕ್ರೋಮ್ 130ರಿಂದ ಹಾರ್ ಫೈಲ್ ಉಳಿಸುವಾಗ ಬ್ರೌಸರ್ ತಾನಾಗಿಯೇ `Cookie`, `Set-Cookie`, `Authorization` ಹೆಡರ್‌ಗಳನ್ನು ತೆಗೆದುಹಾಕುತ್ತದೆ. ಮೆನುವಿನಲ್ಲಿ ಅದಕ್ಕೆ `sanitized` ಎಂದೇ ಹೆಸರು. ಆ ಪದ ನೋಡಿ ಸಪೋರ್ಟ್ ತಂಡದವರು ಫೈಲ್ ಶುದ್ಧವಾಗಿದೆ ಎಂದುಕೊಳ್ಳುತ್ತಾರೆ. ಹೋಗುವುದು ಆ ಹೆಡರ್‌ಗಳು ಮಾತ್ರ. ಉತ್ತರದೊಳಗಿನ ಹೆಸರು, ವಿಳಾಸ, ಬಿಲ್ ಎಲ್ಲವೂ ಹಾಗೇ ಉಳಿದಿರುತ್ತವೆ. `X-Api-Key` ತರಹದ, ಆಯಾ ಸಂಸ್ಥೆಯೇ ಮಾಡಿಕೊಂಡ ಹೆಡರ್‌ಗಳೂ ಉಳಿಯುತ್ತವೆ. ಗ್ರಾಹಕರ ಬ್ರೌಸರ್ ಹಳೆಯದಾಗಿದ್ದರೆ, ಅಥವಾ ಸೆಟ್ಟಿಂಗ್‌ನಲ್ಲಿ `Allow to generate HAR with sensitive data` ಆನ್ ಮಾಡಿ, ಉಳಿಸುವಾಗ `with sensitive data` ಎಂಬ ಬಗೆಯನ್ನು ಆರಿಸಿದ್ದರೆ, ಕುಕಿಗಳೂ ಬರುತ್ತವೆ. ನಮಗೆ ಬಂದಿದ್ದ ಫೈಲ್ ಹಳೆಯ ಬ್ರೌಸರಿನದು. ಸೆಷನ್ ಕುಕಿ ಅದರಲ್ಲಿ ಜೀವಂತವಾಗಿತ್ತು.

ಮೊದಲು ಸೆಷನ್, ಆಮೇಲೆ ಫೈಲ್

ಇಂಥದ್ದು ಕಣ್ಣಿಗೆ ಬಿದ್ದ ಕೂಡಲೇ ಕೈ ಡಿಲೀಟ್ ಬಟನ್ ಕಡೆಗೆ ಹೋಗುತ್ತದೆ. ಮೊದಲು ಮಾಡಬೇಕಾದದ್ದು ಅದಲ್ಲ. ಸೆಷನ್ ಕುಕಿ ಯಾರ ಕೈಯಲ್ಲಿದೆಯೋ ಅವರು ಪಾಸ್‌ವರ್ಡ್ ಗೊತ್ತಿಲ್ಲದೆಯೇ ಆ ಗ್ರಾಹಕರಾಗಿ ಒಳಗೆ ಹೋಗಬಹುದು. ಎರಡನೇ ಹಂತದ ಪರಿಶೀಲನೆ ಆಗಲೇ ಮುಗಿದಿರುವುದರಿಂದ ಅದೂ ಅಡ್ಡ ಬರುವುದಿಲ್ಲ. ಫೈಲನ್ನು ಎರಡು ದಿನದಲ್ಲಿ ಯಾರು ಇಳಿಸಿಕೊಂಡಿದ್ದಾರೋ ಆಗ ಗೊತ್ತಿರುವುದಿಲ್ಲ. ಟಿಕೆಟ್‌ನಿಂದ ಅಳಿಸಿದರೂ ಇಳಿಸಿಕೊಂಡವರ ಬಳಿ ಕುಕಿ ಕೆಲಸ ಮಾಡುತ್ತಲೇ ಇರುತ್ತದೆ. ಸರ್ವರ್ ಕಡೆಯಿಂದ ಸೆಷನ್ ರದ್ದುಮಾಡಿದರೆ ಮಾತ್ರ ಅದು ನಿಲ್ಲುತ್ತದೆ. ಬೇರೆ ಸಂಸ್ಥೆಗಳಿಗೆ ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯಲ್ಲಿ ನಡೆದು 2023ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ಆಗಿದ್ದು ಇದೇ: ಸಪೋರ್ಟ್ ಕೇಸುಗಳಿಗೆ ಗ್ರಾಹಕರು ಲಗತ್ತಿಸಿದ್ದ ಹಾರ್ ಫೈಲ್‌ಗಳಿಂದ ಸೆಷನ್ ಟೋಕನ್‌ಗಳನ್ನು ಎತ್ತಿಕೊಂಡು, ಆ ಗ್ರಾಹಕರ ವ್ಯವಸ್ಥೆಗಳೊಳಗೆ ನುಗ್ಗಲು ಬಳಸಲಾಯಿತು.

ಆದ್ದರಿಂದ ಮೊದಲ ಹೆಜ್ಜೆಯಾಗಿ ಗ್ರಾಹಕರ ಎಲ್ಲ ಸೆಷನ್‌ಗಳನ್ನೂ ಸರ್ವರ್ ಕಡೆಯಿಂದ ರದ್ದುಮಾಡಿಸಿದೆವು. ‘ಎಲ್ಲ’ ಎಂಬುದು ಮುಖ್ಯ. ಸೆಷನ್ ಕುಕಿ ಒಂದನ್ನೇ ಕೊಂದು ರಿಫ್ರೆಶ್ ಟೋಕನ್ ಉಳಿಸಿದರೆ ಅದರಿಂದ ಹೊಸ ಸೆಷನ್ ಹುಟ್ಟುತ್ತದೆ. ಫೈಲಿನಲ್ಲಿ `eyJ` ಎಂದು ಶುರುವಾಗುವ ಉದ್ದದ ಅಕ್ಷರಸಾಲು ಕಂಡರೆ ಅದು ಬಹುತೇಕ ಜೆಡಬ್ಲ್ಯೂಟಿ ಟೋಕನ್. ಜೇಸನ್‌ನ ಮೊದಲ ಎರಡು ಚಿಹ್ನೆಗಳಾದ `{"` ಬೇಸ್64ರಲ್ಲಿ ಹಾಗೆ ಕಾಣುತ್ತವೆ. ಇಂಥ ಟೋಕನ್‌ಗಳನ್ನು ಎಷ್ಟೋ ಕಡೆ ಸರ್ವರ್ ತನ್ನ ಪಟ್ಟಿಯಲ್ಲಿ ಹುಡುಕಿ ನೋಡದೆ, ಸಹಿ ಸರಿಯಿದೆಯೇ ಎಂದಷ್ಟೇ ನೋಡಿ ಒಳಗೆ ಬಿಡುತ್ತದೆ. ಅಂಥ ಕಡೆ ಲಾಗ್‌ಔಟ್ ಮಾಡಿದರೂ ಅವಧಿ ಮುಗಿಯುವವರೆಗೆ ಟೋಕನ್ ನಡೆಯುತ್ತದೆ. ಅದರೊಳಗಿನ `exp` ಸಮಯ ಓದಿ, ಅದು ದಾಟಿದೆಯೇ ಎಂದು ನೋಡಿಕೊಳ್ಳಲೇಬೇಕು. ಆ ಟೋಕನ್ ಬಿಡಿಸಲು ಇಂಟರ್‌ನೆಟ್‌ನಲ್ಲಿ ಸಿಗುವ ಯಾವುದೋ ಪುಟಕ್ಕೆ ಅಂಟಿಸಬಾರದು. ಆಗ ಇನ್ನೊಂದು ನಕಲು ನಾವೇ ಹುಟ್ಟಿಸಿದಂತೆ.

ಇನ್ನೊಂದು ಸಂಗತಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಎಷ್ಟೋ ಸಲ ಸಪೋರ್ಟ್‌ನವರೇ ಗ್ರಾಹಕರ ಖಾತೆಯನ್ನು ತಮ್ಮ ಅಡ್ಮಿನ್ ಪರದೆಯಿಂದ ತೆರೆದು ದಾಖಲೆ ತೆಗೆಯುತ್ತಾರೆ. ಹಾಗೆ ತೆಗೆದ ಫೈಲಿನಲ್ಲಿ ಗ್ರಾಹಕರ ಮಾಹಿತಿಯ ಜೊತೆ ಆ ಸಿಬ್ಬಂದಿಯ ಅಡ್ಮಿನ್ ಸೆಷನ್ ಕೂಡ ಇರುತ್ತದೆ. ಅದು ಒಬ್ಬ ಗ್ರಾಹಕರದ್ದಲ್ಲ, ಎಲ್ಲ ಗ್ರಾಹಕರ ಬಾಗಿಲಿನ ಕೀಲಿ. ಫೈಲನ್ನು ಯಾರ ಕಂಪ್ಯೂಟರಿನಲ್ಲಿ ತೆಗೆದರು ಎಂಬ ಪ್ರಶ್ನೆಯನ್ನು ಮೊದಲ ಐದು ನಿಮಿಷದಲ್ಲೇ ಕೇಳಬೇಕು.

ಮುಚ್ಚಿ, ಆದರೆ ಆಗಲೇ ಅಳಿಸಬೇಡಿ

ಸೆಷನ್ ಸತ್ತಿತು. ಈಗಲೂ ಅಳಿಸುವ ಮೊದಲು ಎರಡು ಕೆಲಸ ಬಾಕಿ. ಟಿಕೆಟ್ ಯಾರಿಗೂ ಕಾಣದಂತೆ ಮುಚ್ಚುವುದು ಒಂದು. ಜಿರಾದಲ್ಲಾದರೆ ಇದಕ್ಕೆ ಭದ್ರತಾ ಹಂತ ಎಂಬ ಸೌಲಭ್ಯವಿದೆ; ಇಬ್ಬರು ಮೂವರಿಗೆ ಮಾತ್ರ ಕಾಣುವ ಹಂತವನ್ನು ಮೊದಲೇ ಮಾಡಿಟ್ಟಿದ್ದರೆ ಟಿಕೆಟನ್ನು ಅಲ್ಲಿಗೆ ದೂಡಲು ಕೆಲವೇ ಸೆಕೆಂಡು ಸಾಕು. ಅಂಥ ಹಂತ ಇಲ್ಲದಿದ್ದರೆ, ಕೆಲವೇ ಜನರಿಗೆ ಪ್ರವೇಶವಿರುವ ಪ್ರಾಜೆಕ್ಟ್‌ಗೆ ಟಿಕೆಟನ್ನು ಸಾಗಿಸಬಹುದು. ಎರಡನೆಯದು, ಫೈಲಿನಲ್ಲಿ ಏನೇನಿತ್ತು ಎಂದು ಬರೆದಿಟ್ಟುಕೊಳ್ಳುವುದು. ಅಳಿಸಿದ ಮೇಲೆ ‘ಅದರಲ್ಲಿ ಕಾರ್ಡ್ ನಂಬರ್ ಇತ್ತೇ?’ ಎಂದು ಯಾರಾದರೂ ಕೇಳಿದರೆ ಹೇಳಲು ಬೇರೆ ದಾರಿ ಉಳಿಯುವುದಿಲ್ಲ.

ಬರೆದಿಡುವುದು ಎಂದರೆ ಮಾಹಿತಿಯನ್ನೇ ಎತ್ತಿ ಬರೆಯುವುದಲ್ಲ. ‘ಹೆಸರು, ವಿಳಾಸ, ಫೋನ್, ಹಿಂದಿನ ಬಿಲ್‌ಗಳು, ಸೆಷನ್ ಕುಕಿ; ಒಬ್ಬ ಗ್ರಾಹಕರದ್ದು; ಕಾರ್ಡ್ ವಿವರ ಇಲ್ಲ’ ಎಂದು ಬಗೆಗಳನ್ನಷ್ಟೇ ನಮೂದಿಸಬೇಕು. ಘಟನೆಯ ವರದಿಯಲ್ಲೇ ಗ್ರಾಹಕರ ಇಮೇಲ್ ಬರೆದು, ಅಥವಾ ಸಾಕ್ಷಿಗೆಂದು ಆ ಫೈಲಿನ ಸ್ಕ್ರೀನ್‌ಶಾಟ್ ಹಾಕಿ, ಸೋರಿಕೆಯನ್ನು ಹೊಸ ಜಾಗಕ್ಕೆ ಒಯ್ಯುವುದು ಬಹಳ ಸಲ ಆಗುತ್ತದೆ. ಗ್ರಾಹಕರು ಯಾರೆಂದು ಹೇಳಲು ಒಳಗಿನ ಖಾತೆ ಸಂಖ್ಯೆ ಸಾಕು. ಖಾತೆ ತೆರೆದು ನೋಡಲು ಅನುಮತಿ ಇದ್ದವರಿಗೆ ಮಾತ್ರ ಅದರಿಂದ ವ್ಯಕ್ತಿ ತಿಳಿಯುತ್ತದೆ, ಉಳಿದವರಿಗೆ ಅದು ಬರೀ ಅಂಕಿ.

ಇದೇ ಹೊತ್ತಿನಲ್ಲಿ ಫೈಲಿನಿಂದ ಎರಡು ಗುರುತುಗಳನ್ನು ತೆಗೆದುಕೊಂಡೆವು. ಮುಂದಿನ ಹುಡುಕಾಟವೆಲ್ಲ ನಿಂತಿದ್ದು ಇವುಗಳ ಮೇಲೆ. ಒಂದು, ಫೈಲಿನ ಹ್ಯಾಶ್:

```
sha256sum bill-page.har
```

ಹಂಚಿಕೆಯ ಡ್ರೈವ್‌ಗಳಲ್ಲಿ ಇದೇ ಫೈಲ್ ಬೇರೆ ಹೆಸರಿನಲ್ಲಿ ಕೂತಿದ್ದರೂ ಹ್ಯಾಶ್ ಹೊಂದಿಕೆಯಾಗುತ್ತದೆ. ಆದರೆ ಯಾರಾದರೂ ಎಡಿಟರಿನಲ್ಲಿ ತೆರೆದು ಒಂದು ಅಕ್ಷರ ಬದಲಿಸಿ ಉಳಿಸಿದ್ದರೂ, ಜಿಪ್ ಮಾಡಿದ್ದರೂ ಹ್ಯಾಶ್ ಬೇರೆಯಾಗಿಬಿಡುತ್ತದೆ. ಅದಕ್ಕೇ ಎರಡನೇ ಗುರುತು ಬೇಕು: ಫೈಲಿನೊಳಗೆ ಇರುವ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ, ಆದರೆ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲದ ಒಂದು ಅಕ್ಷರಸಾಲು. ಸರ್ವರ್ ಪ್ರತಿ ಉತ್ತರಕ್ಕೂ ಹಾಕುವ `x-request-id` ಇದಕ್ಕೆ ಹೇಳಿ ಮಾಡಿಸಿದ್ದು. ಹೆಡರ್ ಬಿಟ್ಟು ಉತ್ತರದ ಪಠ್ಯವನ್ನಷ್ಟೇ ಯಾರಾದರೂ ನಕಲಿಸಿರಬಹುದು; ಆದ್ದರಿಂದ ಬಿಲ್‌ನ ಉತ್ತರದೊಳಗಿದ್ದ, ವ್ಯವಸ್ಥೆಯೇ ಕೊಟ್ಟ ಒಂದು ದಾಖಲೆ ಐಡಿಯನ್ನೂ ತೆಗೆದುಕೊಂಡೆವು.

ಗ್ರಾಹಕರ ಇಮೇಲನ್ನೇ ಹಾಕಿ ಹುಡುಕಿದರೆ ಸುಲಭವಲ್ಲವೇ? ಸುಲಭ, ಆದರೆ ತಪ್ಪು. ಚಾಟ್, ಮೇಲ್, ಟಿಕೆಟ್ ವ್ಯವಸ್ಥೆಗಳಲ್ಲಿ ಹುಡುಕಿದ ಪದಗಳೂ ಲಾಗ್‌ಗಳಲ್ಲಿ ಉಳಿಯಬಹುದು. ಹತ್ತು ಕಡೆ ಇಮೇಲ್ ಹಾಕಿ ಹುಡುಕಿದರೆ ಹತ್ತು ಲಾಗ್‌ಗಳಿಗೆ ಅದನ್ನು ಬರೆದಂತಾಯಿತು. ಜೊತೆಗೆ ಆ ಗ್ರಾಹಕರ ಬೇರೆ, ನ್ಯಾಯವಾದ ದಾಖಲೆಗಳೆಲ್ಲ ಫಲಿತಾಂಶದಲ್ಲಿ ಬಂದು, ಸೋರಿದ್ದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಕೋರಿಕೆಯ ಐಡಿ ಸಿಕ್ಕಿತೆಂದರೆ ಅದು ಇದೇ ಫೈಲಿನಿಂದ ಬಂದಿದ್ದು, ಅಥವಾ ಸರ್ವರಿನ ಸ್ವಂತ ಲಾಗ್. ಮೂರನೆಯದು ಇರಲಾರದು.

ನಕಲುಗಳು ಎಲ್ಲೆಲ್ಲಿ ಸಿಕ್ಕವು

ಮೊದಲ ನಕಲು ಟಿಕೆಟ್‌ನ ಒಳಗೇ ಇತ್ತು. ಲಗತ್ತಿಸಿದವರು ವಿವರಣೆಯಲ್ಲಿ ಗ್ರಾಹಕರ ಹೆಸರು, ಇಮೇಲನ್ನೂ ಬರೆದಿದ್ದರು. ಅದನ್ನು ತಿದ್ದಿ ತೆಗೆದೆವು; ಟಿಕೆಟ್ ಸ್ವಚ್ಛವಾಗಿ ಕಂಡಿತು. ಆದರೆ ಜಿರಾ ವಿವರಣೆಯ ಪ್ರತಿ ಬದಲಾವಣೆಯನ್ನೂ ಇತಿಹಾಸದಲ್ಲಿ ಇಡುತ್ತದೆ, ಹಳೆಯ ಪಠ್ಯ ಸಮೇತ. ಕೆಳಗಿನ ಕರೆ ಮಾಡಿ ನೋಡಿದರೆ `fromString` ಎಂಬಲ್ಲಿ ಅಳಿಸಿದ ಇಮೇಲ್ ಹಾಗೇ ಕೂತಿರುತ್ತದೆ:

```
GET /rest/api/3/issue/ABC-123/changelog
```

ತಿದ್ದುವುದರಿಂದ ಪರದೆ ಸ್ವಚ್ಛವಾಗುತ್ತದೆ, ದಾಖಲೆ ಸ್ವಚ್ಛವಾಗುವುದಿಲ್ಲ. ಇಂಥಲ್ಲಿ ನಮ್ಮ ಆಯ್ಕೆ ಒಂದೇ: ಗ್ರಾಹಕರ ಮಾಹಿತಿ ಬಿಟ್ಟು ಹೊಸ ಟಿಕೆಟ್ ಬರೆದು, ತಾಂತ್ರಿಕ ಚರ್ಚೆಯನ್ನು ಕೈಯಿಂದ ಅಲ್ಲಿಗೆ ಸಾಗಿಸಿ, ಹಳೆಯದನ್ನು ಪೂರ್ತಿ ಡಿಲೀಟ್ ಮಾಡುವುದು. ಹಳೆಯದನ್ನು ‘ಕ್ಲೋನ್’ ಮಾಡಿದರೆ ಕೆಲಸ ಬೇಗ ಆಗುತ್ತದೆ ಎನಿಸುತ್ತದೆ. ಆದರೆ ಕ್ಲೋನ್ ವಿವರಣೆಯನ್ನು ನಕಲಿಸುತ್ತದೆ, ಕೇಳಿದರೆ ಲಗತ್ತುಗಳನ್ನೂ ನಕಲಿಸುತ್ತದೆ. ನಮ್ಮ ಟಿಕೆಟ್‌ಗೆ ಅದಾಗಲೇ ಒಂದು ಕ್ಲೋನ್ ಇತ್ತು, ಬೇರೆ ತಂಡದವರು ತಮ್ಮ ಬೋರ್ಡಿಗೆಂದು ಮಾಡಿಕೊಂಡದ್ದು. ಫೈಲ್ ಅಲ್ಲೂ ಇತ್ತು. ಲಿಂಕ್ ಆದ ಟಿಕೆಟ್‌ಗಳನ್ನು ಒಂದೊಂದಾಗಿ ತೆರೆದು ನೋಡದಿದ್ದರೆ ಅದು ವರ್ಷಗಟ್ಟಲೆ ಅಲ್ಲೇ ಇರುತ್ತಿತ್ತು.

ಟಿಕೆಟ್ ಹುಟ್ಟಿದ್ದು ಡೆವಲಪರ್‌ಗಳ ಕಡೆಯಲ್ಲ, ಸಪೋರ್ಟ್‌ನ ಹೆಲ್ಪ್‌ಡೆಸ್ಕ್‌ನಲ್ಲಿ. ಮೂಲ ಫೈಲ್ ಗ್ರಾಹಕರ ಸಂವಾದದಲ್ಲೇ ಇತ್ತು. ಅಲ್ಲಿ ಪೂರ್ತಿ ಟಿಕೆಟ್ ಅಳಿಸಿದರೆ ಗ್ರಾಹಕರ ದೂರಿನ ದಾಖಲೆಯೇ ಹೋಗುತ್ತದೆ. ಹೆಲ್ಪ್‌ಡೆಸ್ಕ್ ವ್ಯವಸ್ಥೆಗಳಲ್ಲಿ ಇದಕ್ಕೆ ಬೇರೆ ಸೌಲಭ್ಯ ಇರುತ್ತದೆ. ಜೆನ್‌ಡೆಸ್ಕ್‌ನಲ್ಲಾದರೆ ಲಗತ್ತನ್ನು ರಿಡ್ಯಾಕ್ಟ್ ಮಾಡಿದಾಗ ಅದರ ಜಾಗದಲ್ಲಿ `redacted.txt` ಎಂಬ ಖಾಲಿ ಫೈಲ್ ಬಂದು ಕೂರುತ್ತದೆ, ಮೂಲವನ್ನು ಮರಳಿ ತರಲಾಗುವುದಿಲ್ಲ. ಇಮೇಲ್ ಮೂಲಕ ಟಿಕೆಟ್ ಬಂದಿದ್ದರೆ ಆ ಇಮೇಲ್ ಬಂದ ಸಪೋರ್ಟ್ ಮೇಲ್‌ಬಾಕ್ಸನ್ನೂ ನೋಡಬೇಕು. ಮೇಲ್ ಓದಿ ಟಿಕೆಟ್ ಮಾಡುವ ಪ್ರೋಗ್ರಾಂ ಎಷ್ಟೋ ಕಡೆ ಓದಿದ ಮೇಲನ್ನು ಅಳಿಸದೆ ಬೇರೆ ಫೋಲ್ಡರಿಗೆ ಸರಿಸಿ ಇಟ್ಟಿರುತ್ತದೆ.

ಮೂರನೆಯದು ಸೂಚನಾ ಮೇಲ್‌ಗಳು. ಟಿಕೆಟ್ ತೆರೆದ ಕ್ಷಣದಲ್ಲೇ ಅದರ ವಿವರಣೆ, ಆಮೇಲೆ ಪ್ರತಿ ಕಾಮೆಂಟಿನ ಪಠ್ಯ, ಗಮನಿಸುತ್ತಿರುವ ಎಲ್ಲರ ಮೇಲ್‌ಬಾಕ್ಸಿಗೂ ಹೋಗಿರುತ್ತದೆ. ಒಬ್ಬ ಡೆವಲಪರ್ ಕಾಮೆಂಟಿನಲ್ಲಿ ‘ಈ ಉತ್ತರ ನೋಡಿ’ ಎಂದು ಹಾರ್ ಫೈಲಿನಿಂದ ಮೂವತ್ತು ಸಾಲು ಅಂಟಿಸಿದ್ದರು. ಅಲ್ಲಿಗೆ ಗ್ರಾಹಕರ ವಿಳಾಸ ಫೈಲಿನಿಂದ ಹೊರಬಂದು 14 ಮೇಲ್‌ಬಾಕ್ಸ್ ಸೇರಿತು. ಸಂಸ್ಥೆಯೊಳಗಿನ 13 ಮೇಲ್‌ಬಾಕ್ಸ್‌ಗಳಿಂದ ಮೇಲ್ ಅಡ್ಮಿನ್ ವಿಷಯದ ಸಾಲು ಮತ್ತು ದಿನಾಂಕ ಹಿಡಿದು ಆ ಮೇಲ್‌ಗಳನ್ನು ತೆಗೆದರು. ಹದಿನಾಲ್ಕನೆಯದು ಹೊರಗಿನ ಗುತ್ತಿಗೆದಾರರದ್ದು. ಅವರ ಮೇಲ್‌ಬಾಕ್ಸ್ ನಮ್ಮ ಕೈಯಲ್ಲಿಲ್ಲ. ಅಳಿಸಿ ಎಂದು ಕೇಳಿ, ಅಳಿಸಿದ್ದಾಗಿ ಬರವಣಿಗೆಯಲ್ಲಿ ಪಡೆಯುವುದಷ್ಟೇ ಸಾಧ್ಯ. ಆದರೆ ಈ ಒಂದು ಮೇಲ್‌ನಿಂದ ಘಟನೆಯ ಸ್ವರೂಪವೇ ಬದಲಾಗುತ್ತದೆ: ಮಾಹಿತಿ ಸಂಸ್ಥೆಯ ಗಡಿ ದಾಟಿದೆ ಎಂದು ವರದಿಯಲ್ಲಿ ಬರೆಯಲೇಬೇಕಾಗುತ್ತದೆ.

ಚಾಟ್ ಚಾನೆಲ್‌ನಲ್ಲಿ ಹೊಸ ಟಿಕೆಟ್‌ಗಳ ಮೊದಲ ಸಾಲುಗಳನ್ನು ಹಾಕುವ ಬಾಟ್ ಇತ್ತು. ಟಿಕೆಟ್ ಅಳಿಸಿದರೂ ಬಾಟ್ ಹಾಕಿದ ಸಂದೇಶ ಹಾಗೇ ಉಳಿಯುತ್ತದೆ, ಏಕೆಂದರೆ ಅದು ಲಿಂಕ್ ಅಲ್ಲ, ಪ್ರತ್ಯೇಕ ಪಠ್ಯ. ಅದನ್ನು ಕೈಯಿಂದಲೇ ತೆಗೆಯಬೇಕಾಯಿತು. ಇನ್ನು ಜನರ ಡೌನ್‌ಲೋಡ್ ಫೋಲ್ಡರ್‌ಗಳು. ಫೈಲ್ ಇಳಿಸಿಕೊಂಡವರ ಪಟ್ಟಿ ಪ್ರವೇಶದ ಲಾಗ್‌ನಲ್ಲಿ ಸಿಕ್ಕಿತು. ಮೂವರೂ ತಮ್ಮ ಯಂತ್ರದಲ್ಲಿ ಅಳಿಸಿ, ಕಸದಬುಟ್ಟಿ ಖಾಲಿ ಮಾಡಿ, ತಿಳಿಸಿದರು. ಕೇಳುವಾಗ ದನಿ ಮುಖ್ಯ. ತಪ್ಪು ಹುಡುಕುವ ದನಿಯಲ್ಲಿ ಕೇಳಿದರೆ ‘ನಾನು ಇಳಿಸಿಕೊಂಡಿಲ್ಲ’ ಎಂಬ ಉತ್ತರ ಬರುತ್ತದೆ, ನಕಲು ಉಳಿಯುತ್ತದೆ.

ಅತ್ಯಂತ ಕೆಟ್ಟ ಜಾಗದಲ್ಲಿ ಸಿಕ್ಕಿದ್ದು ಕೊನೆಯ ನಕಲು. ದೋಷ ಸರಿಪಡಿಸಿದ ಡೆವಲಪರ್, ಅದು ಮರುಕಳಿಸದಿರಲೆಂದು ಒಂದು ಪರೀಕ್ಷೆ ಬರೆದಿದ್ದರು. ಅದಕ್ಕೆ ಮಾದರಿ ಉತ್ತರವಾಗಿ ಹಾರ್ ಫೈಲಿನೊಳಗಿನ ಜೇಸನ್ ಅನ್ನೇ ಎತ್ತಿ ಗಿಟ್‌ಗೆ ಸೇರಿಸಿದ್ದರು. ಒಳ್ಳೆಯ ಡೆವಲಪರ್‌ಗಳು ಮಾಡುವ ಕೆಲಸವೇ ಅದು, ಆದ್ದರಿಂದಲೇ ಇದು ಮತ್ತೆ ಮತ್ತೆ ಆಗುತ್ತದೆ. ಮೊದಲೇ ತೆಗೆದಿಟ್ಟ ದಾಖಲೆ ಐಡಿ ಇಲ್ಲಿ ಕೆಲಸಕ್ಕೆ ಬಂತು:

```
git log --all --oneline -S'<record-id>'
```

ಆ ಅಕ್ಷರಸಾಲು ಸೇರಿದ ಅಥವಾ ಹೋದ ಪ್ರತಿ ಕಮಿಟ್ಟನ್ನೂ ಇದು ತೋರಿಸುತ್ತದೆ. ಹೊಸ ಕಮಿಟ್‌ನಲ್ಲಿ ಫೈಲ್ ತೆಗೆದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಇತಿಹಾಸವನ್ನೇ ಮತ್ತೆ ಬರೆಯಬೇಕು, ಅದನ್ನು ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲೇ ಮಾಡಬೇಕು:

```
git filter-repo --invert-paths --path tests/fixtures/bill.json
```

ಇದರಿಂದ ಆ ಕಮಿಟ್ ಮತ್ತು ಅದರ ನಂತರದ ಎಲ್ಲ ಕಮಿಟ್‌ಗಳ ಗುರುತು ಬದಲಾಗುತ್ತದೆ. ಬಲವಂತದ ಪುಶ್ ಬೇಕಾಗುತ್ತದೆ, ಎಲ್ಲರೂ ಹಳೆಯ ಪ್ರತಿ ಬಿಸಾಡಿ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ. ಒಬ್ಬರು ಹಳೆಯ ಪ್ರತಿಯಿಂದ ಮರ್ಜ್ ಮಾಡಿ ಪುಶ್ ಮಾಡಿದರೂ ಅಳಿಸಿದ್ದೆಲ್ಲ ವಾಪಸ್ ಬರುತ್ತದೆ. ಆದ್ದರಿಂದ ಮೊದಲ ವಾರ ಮೇಲಿನ ಹುಡುಕಾಟವನ್ನು ದಿನಕ್ಕೊಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಗಿಟ್‌ಹಬ್‌ನಂಥ ಕಡೆ ಪುಲ್ ರಿಕ್ವೆಸ್ಟ್‌ಗಳಿಗೆ ಅಂಟಿದ ಹಳೆಯ ಕಮಿಟ್‌ಗಳು ಪುಶ್ ಮಾಡಿದ ಮೇಲೂ ಉಳಿದಿರುತ್ತವೆ. ಅವನ್ನು ತೆಗೆಯಲು ಅವರ ಸಪೋರ್ಟ್‌ಗೇ ಬರೆಯಬೇಕು.

ಬ್ಯಾಕಪ್‌ಗಳ ವಿಷಯದಲ್ಲಿ ನೇರವಾಗಿ ಹೇಳಬೇಕಾದ ಮಾತೊಂದಿದೆ: ರಾತ್ರಿ ಬ್ಯಾಕಪ್‌ನೊಳಗಿಂದ ಒಂದು ಟಿಕೆಟನ್ನು ಮಾತ್ರ ಕಿತ್ತು ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಬ್ಯಾಕಪ್ 35 ದಿನ ಇರುವುದಾದರೆ ಮಾಹಿತಿಯೂ ಅಷ್ಟು ದಿನ ಅಲ್ಲಿರುತ್ತದೆ. ಆ ಕೊನೆಯ ದಿನಾಂಕವನ್ನು ವರದಿಯಲ್ಲಿ ಬರೆಯುತ್ತೇವೆ; ಜೊತೆಗೆ ‘ಬ್ಯಾಕಪ್‌ನಿಂದ ಮರಳಿ ಸ್ಥಾಪಿಸಿದರೆ ಮತ್ತೆ ಅಳಿಸಬೇಕಾದವು’ ಎಂಬ ಪಟ್ಟಿಯೊಂದನ್ನು ಇಟ್ಟು, ಟಿಕೆಟ್ ಸಂಖ್ಯೆಗಳನ್ನು ಅದರಲ್ಲಿ ಸೇರಿಸುತ್ತೇವೆ. ಆ ಪಟ್ಟಿ ಬ್ಯಾಕಪ್ ಆಗುವ ವ್ಯವಸ್ಥೆಯ ಒಳಗಿರಬಾರದು. ಇಲ್ಲದಿದ್ದರೆ ಮರುಸ್ಥಾಪನೆಯ ದಿನ ಪಟ್ಟಿಯೂ ಹಿಂದಿನ ಸ್ಥಿತಿಗೆ ಹೋಗುತ್ತದೆ.

ಅಳಿಸಿದ ಮೇಲೆ ಅಳಿದಿದೆಯೇ ಎಂದು ನೋಡಲು ಲಗತ್ತಿನ ನೇರ ವಿಳಾಸವನ್ನು ಎರಡು ಬಗೆಯಲ್ಲಿ ತೆರೆದು ನೋಡಿದೆವು. ಲಾಗಿನ್ ಆದ ಸಾಮಾನ್ಯ ಸಿಬ್ಬಂದಿಯಾಗಿ ಒಮ್ಮೆ, ಲಾಗಿನ್ ಇಲ್ಲದ ಖಾಸಗಿ ಕಿಟಕಿಯಲ್ಲಿ ಒಮ್ಮೆ. ಲಾಗಿನ್ ಆದವರಿಗೆ 404 ಬರಬೇಕು. 403 ಬಂದರೆ ಫೈಲ್ ಮರೆಯಾಗಿದೆಯಷ್ಟೇ, ಇನ್ನೂ ಅಲ್ಲೇ ಇರಬಹುದು. ಲಾಗಿನ್ ಇಲ್ಲದ ಕಿಟಕಿಯಲ್ಲಿ ಫೈಲ್ ತೆರೆದುಕೊಂಡಿತೋ, ಅದು ಮೊದಲಿನಿಂದಲೂ ಯಾರು ಬೇಕಾದರೂ ನೋಡಬಹುದಾದ ವಿಳಾಸದಲ್ಲಿತ್ತು ಎಂದರ್ಥ. ಆಗ ಇಡೀ ಘಟನೆಯನ್ನು ಮೊದಲಿನಿಂದ ತೂಗಿ ನೋಡಬೇಕು.

ತೂಗಿ ನೋಡುವುದು ಡೆವಲಪರ್‌ಗಳ ಕೆಲಸವಲ್ಲ. ಯುರೋಪಿನ ಜಿಡಿಪಿಆರ್ ಕಾನೂನಿನ 33ನೇ ವಿಧಿಯಂತೆ, ಸೋರಿಕೆ ತಿಳಿದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ವ್ಯಕ್ತಿಗಳಿಗೆ ಅಪಾಯದ ಸಂಭವವಿಲ್ಲದಿದ್ದರೆ ಮಾತ್ರ ವಿನಾಯಿತಿ. ಬೇರೆ ಸಂಸ್ಥೆಯ ಪರವಾಗಿ ಅವರ ಗ್ರಾಹಕರ ಮಾಹಿತಿ ನೋಡಿಕೊಳ್ಳುವವರಾದರೆ ಆ ಸಂಸ್ಥೆಗೆ ತಡವಿಲ್ಲದೆ ಹೇಳಬೇಕು. ಗಡಿಯಾರ ಶುರುವಾಗುವುದು ಸ್ವಚ್ಛತೆ ಮುಗಿದಾಗಲ್ಲ, ತಿಳಿದಾಗ. ಆದ್ದರಿಂದ ಸೆಷನ್ ರದ್ದಾದ ಕೂಡಲೇ ಖಾಸಗಿತನ ನೋಡಿಕೊಳ್ಳುವವರಿಗೆ ಮೂರು ಸಾಲು ಹೋಗಬೇಕು: ಯಾವ ಬಗೆಯ ಮಾಹಿತಿ, ಎಷ್ಟು ಜನರದ್ದು, ಯಾರಿಗೆ ಕಂಡಿರಬಹುದು. ಉಳಿದದ್ದು ಆಮೇಲೆ ಸೇರುತ್ತದೆ.

ಒಳಗೆ ಬರದಂತೆ ಮಾಡಿದ್ದು

ಹಾರ್ ಫೈಲ್ ಕೇಳುವುದನ್ನು ನಿಲ್ಲಿಸಲಾಗುವುದಿಲ್ಲ, ಅದರಿಂದ ದೋಷ ಸಿಗುತ್ತದೆ. ಆದರೆ ಆ ದೋಷ ಹಿಡಿಯಲು ನಿಜವಾಗಿ ಬೇಕಾಗಿದ್ದು ಯಾವುದು ಎಂದು ನೋಡಿದರೆ, ಯಾವ ಕೋರಿಕೆ, ಎಷ್ಟು ಹೊತ್ತು ಹಿಡಿಯಿತು, ಯಾವ ಸ್ಥಿತಿ ಸಂಖ್ಯೆ ಬಂತು, ಅಷ್ಟೇ. ಬಿಲ್ ಪುಟದ ದೋಷ ಒಂದು ಕೋರಿಕೆ 30 ಸೆಕೆಂಡ್ ಕಾದು 504 ಕೊಟ್ಟಿದ್ದರಲ್ಲಿತ್ತು. ಗ್ರಾಹಕರ ವಿಳಾಸಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಸಾಮಾನ್ಯವಾಗಿ ಜನ ಬರೆಯುವ ಶುದ್ಧಿ ಸ್ಕ್ರಿಪ್ಟ್ ‘ಇವನ್ನು ತೆಗೆ’ ಎಂಬ ಪಟ್ಟಿ ಇಟ್ಟುಕೊಂಡಿರುತ್ತದೆ: ಕುಕಿ ತೆಗೆ, ಪಾಸ್‌ವರ್ಡ್ ತೆಗೆ, ಇಮೇಲ್ ತೆಗೆ. ನಾಳೆ ಯಾರೋ ಹೊಸ ಹೆಡರ್ ಸೇರಿಸಿದರೆ ಆ ಪಟ್ಟಿಗೆ ಗೊತ್ತಾಗುವುದಿಲ್ಲ, ಸದ್ದಿಲ್ಲದೆ ಸೋರುತ್ತದೆ. ‘ಇವನ್ನು ಮಾತ್ರ ಇಟ್ಟುಕೋ’ ಎಂಬ ಪಟ್ಟಿ ಇಟ್ಟರೆ ಆಗುವ ತಪ್ಪು ಇನ್ನೊಂದು ದಿಕ್ಕಿನದು: ಬೇಕಾದ್ದೇನೋ ಸಿಗಲಿಲ್ಲ ಎಂದು ಡೆವಲಪರ್ ಕೇಳುತ್ತಾರೆ, ಸೇರಿಸಬಹುದು. ನಾವು ಉಳಿಸಿಕೊಂಡದ್ದು ಇಷ್ಟು:

```
jq '[.log.entries[] | {
  at: .startedDateTime,
  ms: .time,
  method: .request.method,
  url: (.request.url | split("?") | .[0]
        | gsub("/[0-9]+"; "/N")),
  status: .response.status,
  size: .response.content.size
}]' in.har > out.json
```

ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ್ದೆಲ್ಲ ಹೋಗುತ್ತದೆ, ದಾರಿಯೊಳಗಿನ ಖಾತೆ ಸಂಖ್ಯೆಗಳ ಜಾಗದಲ್ಲಿ `N` ಬರುತ್ತದೆ. ಹಾಗಿದ್ದೂ ಒಂದು ಸಂದು ಉಳಿದಿದೆ: ಕೆಲವು ವ್ಯವಸ್ಥೆಗಳು ಇಮೇಲನ್ನು ದಾರಿಯಲ್ಲೇ ಹಾಕುತ್ತವೆ, ಆಗ `@` ಬದಲು `%40` ಎಂದು ಕಾಣುತ್ತದೆ. ಅದಕ್ಕೆ ಕೊನೆಗೊಂದು ತಪಾಸಣೆ:

```
grep -Eoi '[a-z0-9._+-]+(@|%40)[a-z0-9.-]+' out.json | sort -u
```

ಏನೂ ಬರದಿದ್ದರೆ `out.json` ಟಿಕೆಟ್‌ಗೆ ಹೋಗಬಹುದು. ನಮ್ಮ ಫೈಲಿನ ಮೇಲೆ ಓಡಿಸಿದಾಗ 6 ಎಂಬಿ ಇದ್ದದ್ದು ಕೆಲವು ಹತ್ತು ಕೆಬಿಗೆ ಇಳಿಯಿತು; 504 ಬಂದ ಸಾಲು ಮೊದಲ ಪರದೆಯಲ್ಲೇ ಕಂಡಿತು. ಮೂಲ ಫೈಲೇ ಬೇಕೆಂಬ ದೋಷಗಳೂ ಇರುತ್ತವೆ. ಅದಕ್ಕೆ ಟಿಕೆಟ್‌ನ ಹೊರಗೆ ಒಂದು ಫೋಲ್ಡರ್ ಇದೆ: ಪ್ರವೇಶ ಹೆಸರು ಹಿಡಿದು, 14 ದಿನಕ್ಕೆ ಫೈಲ್ ತಾನಾಗಿ ಅಳಿಯುತ್ತದೆ. ಟಿಕೆಟ್‌ನಲ್ಲಿ ಅದರ ಲಿಂಕ್ ಮಾತ್ರ ಇರುತ್ತದೆ.

ಟಿಕೆಟ್ ಬಾಗಿಲಲ್ಲೇ ಪರೀಕ್ಷಿಸುವ ಪ್ರೋಗ್ರಾಂ ಎಲ್ಲಿ ಇಡಬೇಕು ಎಂಬುದರಲ್ಲಿ ನಾವು ಮೊದಲು ಎಡವಿದೆವು. ಟಿಕೆಟ್ ಉಳಿದ ಕೂಡಲೇ ಬರುವ ವೆಬ್‌ಹುಕ್ ಹಿಡಿದು ಲಗತ್ತು ನೋಡುವುದು ಸುಲಭ. ಆದರೆ ವೆಬ್‌ಹುಕ್ ಬರುವುದು ಟಿಕೆಟ್ ಹುಟ್ಟಿದ ಮೇಲೆ; ಅಷ್ಟರಲ್ಲಿ ಸೂಚನಾ ಮೇಲ್‌ಗಳು ಹೊರಟಿರುತ್ತವೆ. ಪ್ರೋಗ್ರಾಂ ಹತ್ತು ಸೆಕೆಂಡಿನಲ್ಲಿ ಲಗತ್ತು ತೆಗೆದರೂ ವಿವರಣೆಯ ಪಠ್ಯ ಮೇಲ್‌ಬಾಕ್ಸ್‌ಗಳಲ್ಲಿರುತ್ತದೆ. ಈಗ ಸಪೋರ್ಟ್‌ನಿಂದ ಬರುವ ಟಿಕೆಟ್ ಮೊದಲು ಇಬ್ಬರಿಗೆ ಮಾತ್ರ ಕಾಣುವ ಭದ್ರತಾ ಹಂತದಲ್ಲಿ ಹುಟ್ಟುತ್ತದೆ. ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ತೆರೆದುಕೊಳ್ಳುತ್ತದೆ.

ಆ ಪರೀಕ್ಷೆಯಲ್ಲಿ `.har` ಎಂಬ ವಿಸ್ತರಣೆ ಕಂಡರೆ ನೇರವಾಗಿ ತಡೆಯುತ್ತೇವೆ, ಶುದ್ಧಿ ಮಾಡುವ ಸ್ಕ್ರಿಪ್ಟಿನ ಲಿಂಕ್ ಕೊಟ್ಟು. ಕಾರ್ಡ್ ನಂಬರ್ ಹುಡುಕುವ ನಿಯಮಕ್ಕೆ ಮಾತ್ರ ತಡೆಯುವ ಅಧಿಕಾರ ಕೊಟ್ಟಿಲ್ಲ, ಎಚ್ಚರಿಸುತ್ತದೆ ಅಷ್ಟೇ. ಕಾರ್ಡ್ ನಂಬರಿನ ಕೊನೆಯ ಅಂಕಿ ಲುನ್ ಲೆಕ್ಕಕ್ಕೆ ಹೊಂದಬೇಕು. ಆದರೆ ಯಾದೃಚ್ಛಿಕವಾಗಿ ಬರೆದ 16 ಅಂಕಿಗಳಲ್ಲೂ ಹತ್ತರಲ್ಲಿ ಒಂದು ಆ ಲೆಕ್ಕಕ್ಕೆ ಹೊಂದುತ್ತದೆ. 16 ಅಂಕಿಯ ಆರ್ಡರ್ ಸಂಖ್ಯೆ ಬಳಸುವ ಕಡೆ ತಡೆ ಹಾಕಿದರೆ ಹತ್ತರಲ್ಲೊಂದು ಟಿಕೆಟ್ ಸುಮ್ಮನೆ ನಿಲ್ಲುತ್ತದೆ. ಜನ ಆಗ ಅಂಕಿಗಳ ನಡುವೆ ಚುಕ್ಕೆ ಹಾಕಿ ದಾಟಿಸುವುದನ್ನು ಕಲಿಯುತ್ತಾರೆ, ನಿಜವಾದ ಕಾರ್ಡ್ ನಂಬರ್ ಕೂಡ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಸ್ಕ್ರೀನ್‌ಶಾಟ್ ಮತ್ತು ಎಕ್ಸೆಲ್ ಬಗ್ಗೆ ಎರಡು ಮಾತು ಸೇರಿಸಬೇಕು, ಏಕೆಂದರೆ ಅವು ಈ ಪರೀಕ್ಷೆಗಳಿಗೆ ಸಿಗುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಹೆಸರನ್ನು ಮಸುಕು ಮಾಡಿದರೆ ಸಾಲದು, ಮಾರ್ಕರ್‌ನಿಂದ ಗೀಚಿದರೂ ಸಾಲದು. ಎಷ್ಟೋ ಮಾರ್ಕರ್‌ಗಳು ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಅಕ್ಷರ ಕಾಣುತ್ತದೆ. ತುಂಬಿದ ಚೌಕವನ್ನೇ ಇಟ್ಟು, ಪದರಗಳಿಲ್ಲದ ಹೊಸ ಚಿತ್ರವಾಗಿ ಉಳಿಸಬೇಕು. 2023ರಲ್ಲಿ ಪಿಕ್ಸೆಲ್ ಫೋನ್‌ಗಳ ಚಿತ್ರ ಕತ್ತರಿಸುವ ಸೌಲಭ್ಯದಲ್ಲಿ ಸಿಕ್ಕ ದೋಷದಿಂದ, ಕತ್ತರಿಸಿ ಎಸೆದ ಭಾಗವೂ ಫೈಲಿನ ಬಾಲದಲ್ಲಿ ಉಳಿಯುತ್ತಿತ್ತು. ಆದ್ದರಿಂದ ಕತ್ತರಿಸಿದ ಚಿತ್ರವನ್ನು ನಂಬದೆ, ಸರಿಯಾದ ಭಾಗವನ್ನಷ್ಟೇ ಹೊಸದಾಗಿ ಸೆರೆಹಿಡಿಯುವುದು ಒಳ್ಳೆಯದು. ಎಕ್ಸೆಲ್ ಫೈಲಿನಲ್ಲಿ ಗ್ರಾಹಕರ ಸಾಲುಗಳನ್ನು ಅಳಿಸಿದರೂ ಪಿವಟ್ ಕೋಷ್ಟಕ ತನ್ನದೇ ನಕಲನ್ನು ಇಟ್ಟುಕೊಂಡಿರುತ್ತದೆ. `.xlsx` ಎಂಬುದು ಜಿಪ್ ಫೈಲೇ. ಬಿಚ್ಚಿ ನೋಡಿದರೆ `xl/pivotCache` ಫೋಲ್ಡರಿನಲ್ಲಿ ಅಳಿಸಿದ ಹೆಸರುಗಳು ಸಿಗುತ್ತವೆ. ಬೇಕಾದ ಕಾಲಂಗಳನ್ನು ಸಿಎಸ್‌ವಿ ಆಗಿ ಉಳಿಸಿ ಅದನ್ನೇ ಲಗತ್ತಿಸಿದರೆ ಮರೆಯಲ್ಲಿ ಉಳಿಯಲು ಜಾಗವೇ ಇರುವುದಿಲ್ಲ.

ಪರೀಕ್ಷೆಯ ಮಾದರಿ ಫೈಲ್‌ಗೆ ಬಂದರೆ, ಅದರಲ್ಲಿ ಈಗ ಇರುವುದು ಕೈಯಿಂದ ಬರೆದ ಖಾತೆ: ಹೆಸರು ‘ಪರೀಕ್ಷೆ ಒಂದು’, ಇಮೇಲ್ `test1@example.com`. `example.com` ಇಂಥ ಬಳಕೆಗೆಂದೇ ಕಾಯ್ದಿರಿಸಿದ ಹೆಸರು, ಅಲ್ಲಿಗೆ ಬರೆದ ಮೇಲ್ ಯಾರಿಗೂ ತಲುಪುವುದಿಲ್ಲ. 504 ಕೊಡುವ ಪರೀಕ್ಷೆಗೆ ಬಿಲ್‌ಗಳ ಸಂಖ್ಯೆ ಮಾತ್ರ ಮುಖ್ಯವಾಗಿತ್ತು. ಹನ್ನೊಂದು ಖಾಲಿ ಬಿಲ್‌ಗಳನ್ನಿಟ್ಟರೂ ದೋಷ ಹಾಗೇ ಮರುಕಳಿಸಿತು.